ಒಬ್ಬರು ಸಂಬಳ ಬಿಟ್ಟಾಗ: ಕೂಡಿಟ್ಟ ಆರು ಲಕ್ಷವನ್ನು ಎಲ್ಲಿಟ್ಟರೆ ಮನೆ ನಡೆಯುತ್ತದೆ?

ಗಂಡ ಅಥವಾ ಹೆಂಡತಿ ನೌಕರಿ ಬಿಟ್ಟು ಸ್ವಂತ ಕೆಲಸ ಶುರುಮಾಡುವ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: "ಕೈಯಲ್ಲಿರುವ ಹಣದಿಂದ ಸಾಲ ತೀರಿಸಿಬಿಡೋಣವೇ, ಅಥವಾ ಹಾಗೇ ಇಟ್ಟುಕೊಳ್ಳೋಣವೇ?" ಸಾಲದ ಭಾರ ಇಳಿಸಿಕೊಂಡರೆ ನೆಮ್ಮದಿ ಎಂದು ಹಿರಿಯರು ಹೇಳುತ್ತಾರೆ. ಎರಡು ಸಂಬಳ ಬರುವ ಕಾಲಕ್ಕೆ ಅದು ಒಳ್ಳೆಯ ಮಾತೇ. ಒಂದು ಸಂಬಳ ನಿಲ್ಲುವ ಹೊತ್ತಿನಲ್ಲಿ ಮಾತ್ರ ಲೆಕ್ಕ ತಿರುಗಿ ನಿಲ್ಲುತ್ತದೆ. ಇಲ್ಲಿ ಹಣ ಇಡುವ ನಾಲ್ಕು ದಾರಿಗಳನ್ನು ಒಂದೇ ಮನೆಯ ಅಂಕಿಗಳ ಮೇಲೆ ಹೋಲಿಸಿದ್ದೇವೆ.

ಲೆಕ್ಕಕ್ಕೆ ಹಿಡಿದ ಮನೆ

ಮೈಸೂರಿನ ಒಂದು ಸಂಸಾರ ಎಂದಿಟ್ಟುಕೊಳ್ಳಿ. ಗಂಡ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕ, ಕೈಗೆ ಬರುವುದು ತಿಂಗಳಿಗೆ ₹54,000. ಹೆಂಡತಿ ಒಳಾಂಗಣ ವಿನ್ಯಾಸದ ಕಂಪನಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದು, ಕೈಗೆ ₹56,000 ಬರುತ್ತದೆ. ಈಗ ಆಕೆ ಕೆಲಸ ಬಿಟ್ಟು ಸ್ವಂತವಾಗಿ ಅಡುಗೆಮನೆ, ವಾರ್ಡ್‌ರೋಬ್ ವಿನ್ಯಾಸ ಮಾಡಿಸಿಕೊಡುವ ಯೋಚನೆಯಲ್ಲಿದ್ದಾರೆ. ಮನೆ ಸಾಲ ₹28 ಲಕ್ಷ ಬಾಕಿ, ಬಡ್ಡಿ ಶೇ. 8.5, ಇನ್ನೂ 15 ವರ್ಷ, ಕಂತು ₹27,573. ಉಳಿತಾಯ ಮತ್ತು ಠೇವಣಿ ಸೇರಿ ಕೈಯಲ್ಲಿ ₹6 ಲಕ್ಷ ಇದೆ.

ತಿಂಗಳ ಖರ್ಚು ಹೀಗಿದೆ: ಕಂತು ₹27,573, ದಿನಸಿ-ಹಾಲು-ತರಕಾರಿ-ಗ್ಯಾಸ್ ₹18,000, ಕರೆಂಟು-ನೀರು-ಫೋನು ₹4,500, ಪೆಟ್ರೋಲು ₹5,000, ಅತ್ತೆ-ಮಾವನ ಔಷಧಿ ₹5,000, ಚೀಟಿ ₹5,000. ಒಟ್ಟು ಸುಮಾರು ₹65,000. ಬಹಳ ಮನೆಗಳು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ, "ಅವರ ಸಂಬಳಕ್ಕೆ ಇನ್ನು ಹನ್ನೊಂದು ಸಾವಿರ ಸೇರಿಸಿದರೆ ಆಯಿತು" ಎಂದುಕೊಳ್ಳುತ್ತವೆ. ತಪ್ಪುವುದು ಇಲ್ಲೇ. ಶಾಲೆಯ ಶುಲ್ಕ ವರ್ಷಕ್ಕೆ ₹1,20,000, ವಿಮೆಗಳು ₹36,000, ಗಾಡಿಯ ಇನ್ಶೂರೆನ್ಸ್ ಮತ್ತು ಹಬ್ಬಗಳಿಗೆ ₹24,000 ಇವೆ. ಇವು ತಿಂಗಳಿಗೊಮ್ಮೆ ಕಾಣುವುದಿಲ್ಲ, ಆದರೆ ವರ್ಷಕ್ಕೆ ₹1,80,000, ಅಂದರೆ ತಿಂಗಳಿಗೆ ₹15,000. ಕೆಲಸ ಬಿಟ್ಟ ಮೇಲೆ ಸ್ವಂತಕ್ಕೆ ಮಾಡಿಸಬೇಕಾದ ಆರೋಗ್ಯ ವಿಮೆಗೆ ಇನ್ನೂ ₹2,000 ಸೇರಿಸಿ. ನಿಜವಾದ ಖರ್ಚು ₹82,000. ಗಂಡನ ಸಂಬಳ ಕಳೆದರೆ ತಿಂಗಳ ಕೊರತೆ ₹28,000. ಇದು ಎಸ್‌ಐಪಿ ನಿಲ್ಲಿಸಿದ ಮೇಲಿನ ಲೆಕ್ಕ. ಚೀಟಿಯನ್ನು ಹಾಗೆ ನಡುವೆ ನಿಲ್ಲಿಸಲು ಬರುವುದಿಲ್ಲ, ಅದಕ್ಕೇ ಅದು ಖರ್ಚಿನ ಪಟ್ಟಿಯಲ್ಲಿದೆ.

ವಿನ್ಯಾಸದ ಕೆಲಸದಲ್ಲಿ ಮೊದಲ ಹಣ ನಿಧಾನ. ಗಿರಾಕಿ ಒಪ್ಪಲು ಒಂದೆರಡು ತಿಂಗಳು, ಕೆಲಸ ಮುಗಿಯಲು ಎರಡು ತಿಂಗಳು, ಕೊನೆಯ ಬಾಕಿ ಬರಲು ಇನ್ನೊಂದಷ್ಟು ದಿನ. ಆದ್ದರಿಂದ ಮೊದಲ ಆರು ತಿಂಗಳು ವ್ಯವಹಾರದಿಂದ ಮನೆಗೆ ಏನೂ ಬರುವುದಿಲ್ಲ, ಮುಂದಿನ ಆರು ತಿಂಗಳು ಕೊರತೆಯ ಅರ್ಧ ತುಂಬುತ್ತದೆ ಎಂದು ಹಿಡಿಯೋಣ. ಬೇಕಾಗುವುದು ₹1,68,000 ಮತ್ತು ₹84,000, ಒಟ್ಟು ₹2,52,000. ಕಂಪ್ಯೂಟರು, ಸಾಫ್ಟ್‌ವೇರು, ಮಾದರಿ ಹಲಗೆಗಳು, ಓಡಾಟಕ್ಕೆ ಬೇರೆ ₹1 ಲಕ್ಷ. ಆರು ಲಕ್ಷದಲ್ಲಿ ಎರಡೂವರೆ ಲಕ್ಷ ಮಾತ್ರ ನಿಜವಾದ ಆಪದ್ಧನ ಎಂದಾಯಿತು.

ದಾರಿ ಒಂದು: ಸಾಲಕ್ಕೆ ಕಟ್ಟಿ ಕಂತು ಇಳಿಸುವುದು

₹4 ಲಕ್ಷವನ್ನು ಅಸಲಿಗೆ ಕಟ್ಟಿದರೆ ಬಾಕಿ ₹24 ಲಕ್ಷಕ್ಕೆ ಇಳಿಯುತ್ತದೆ. ಅವಧಿ 15 ವರ್ಷವೇ ಇದ್ದರೆ ಹೊಸ ಕಂತು ಸುಮಾರು ₹23,634. ತಿಂಗಳಿಗೆ ಉಳಿಯುವುದು ₹3,939. ನಾಲ್ಕು ಲಕ್ಷ ಕೈಬಿಟ್ಟು ಹೋಗಿ, ತಿಂಗಳಿಗೆ ನಾಲ್ಕು ಸಾವಿರದ ಲೆಕ್ಕದಲ್ಲಿ ವಾಪಸು ಬರಬೇಕಾದರೆ ನೂರು ತಿಂಗಳು ದಾಟಬೇಕು. ಬಡ್ಡಿಯ ಲೆಕ್ಕದಲ್ಲಿ ಇದು ಲಾಭವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಮನೆಗೆ ಬೇಕಿರುವುದು ತಿಂಗಳಿಗೆ ₹28,000 ತುಂಬುವ ದಾರಿ. ಕಂತು ಇಳಿದ ಮೇಲೂ ಕೊರತೆ ₹24,000 ಉಳಿಯುತ್ತದೆ, ಅದನ್ನು ತುಂಬಲು ಉಳಿದಿರುವುದು ಎರಡೇ ಲಕ್ಷ.

ಇದರಲ್ಲಿ ಇನ್ನೊಂದು ಬಲೆ ಇದೆ. ಭಾಗಶಃ ಹಣ ಕಟ್ಟಿದಾಗ ಬಹಳಷ್ಟು ಬ್ಯಾಂಕುಗಳು ತಾವಾಗಿಯೇ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಕಡಿಮೆ ಮಾಡುತ್ತವೆ. ಆಗ ನಾಲ್ಕು ಲಕ್ಷವೂ ಹೋಯಿತು, ತಿಂಗಳ ಕಂತೂ ಒಂದು ರೂಪಾಯಿ ಇಳಿಯಲಿಲ್ಲ. ಕಂತು ಇಳಿಸಿ ಎಂದು ಅರ್ಜಿಯಲ್ಲಿ ಬರೆದುಕೊಟ್ಟು, ಹೊಸ ಮರುಪಾವತಿ ಪಟ್ಟಿ ಕೈಗೆ ಬಂದ ಮೇಲೆ ಅವಧಿ ಮತ್ತು ಕಂತು ಎರಡನ್ನೂ ನೋಡಬೇಕು. ಒಮ್ಮೆ ಕಟ್ಟಿದ ಹಣವನ್ನು ಮತ್ತೆ ಬೇಕೆಂದು ಕೇಳಿದರೆ ಅದು ಹೊಸ ಸಾಲ. ಹೊಸದಾಗಿ ಸ್ವಂತ ಉದ್ಯೋಗ ಹಿಡಿದವರನ್ನು ಬ್ಯಾಂಕು ಸಾಮಾನ್ಯವಾಗಿ ಎರಡು-ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳುತ್ತದೆ.

ದಾರಿ ಎರಡು: ಹಣ ಮುಟ್ಟದೆ ಅವಧಿ ಹಿಗ್ಗಿಸುವುದು

ಅದೇ ₹28 ಲಕ್ಷವನ್ನು 15ರ ಬದಲು 20 ವರ್ಷಕ್ಕೆ ಹಿಗ್ಗಿಸಿದರೆ ಕಂತು ಸುಮಾರು ₹24,299. ಇಳಿಕೆ ₹3,274. ಮೊದಲ ದಾರಿಯಲ್ಲಿ ನಾಲ್ಕು ಲಕ್ಷ ಸುರಿದು ಸಿಕ್ಕ ಇಳಿಕೆಗಿಂತ ಬರೀ ₹665 ಕಡಿಮೆ, ಮತ್ತು ಇಲ್ಲಿ ಕೈಯಿಂದ ಏನೂ ಹೋಗಿಲ್ಲ. ಕೊನೆತನಕ ಹೀಗೇ ಬಿಟ್ಟರೆ ಒಟ್ಟು ಸುಮಾರು ₹8.7 ಲಕ್ಷ ಹೆಚ್ಚು ಕಟ್ಟಬೇಕಾಗುತ್ತದೆ ಎಂಬ ಅಂಕಿ ನೋಡಿ ಜನ ಹೆದರುತ್ತಾರೆ. ಹೆದರಬೇಕಾದ್ದೇ, ಆದರೆ ಅದು ಇಪ್ಪತ್ತು ವರ್ಷವೂ ಮರೆತು ಕೂತವರಿಗೆ. ಎರಡು ವರ್ಷದ ನಂತರ ವ್ಯವಹಾರ ನೆಲೆ ನಿಂತಾಗ ಸುಮಾರು ₹85,000 ಒಟ್ಟಿಗೆ ಕಟ್ಟಿ ಹಳೆಯ ಕಂತಿಗೆ ಮರಳಿದರೆ ಸಾಲ ಮೊದಲಿನ ದಾರಿಗೇ ಬರುತ್ತದೆ. ಅದರಲ್ಲಿ ₹78,576 ನೀವು ಕಟ್ಟದೆ ಉಳಿಸಿಕೊಂಡ ಹಣವೇ. ಹೆಚ್ಚಿನ ಬಡ್ಡಿ ಸುಮಾರು ₹6,700 ಮಾತ್ರ. ಎರಡು ವರ್ಷದ ನಿರಾಳತೆಗೆ ಇದು ದುಬಾರಿ ಬೆಲೆಯಲ್ಲ.

ಆದರೆ ಇದು ಬ್ಯಾಂಕು ಒಪ್ಪಿದರೆ ಮಾತ್ರ. ಹೊಸ ಅವಧಿ ಸಾಲಗಾರರ ವಯಸ್ಸಿನ ಮಿತಿಯೊಳಗೆ ಮುಗಿಯಬೇಕು. ಬಡ್ಡಿದರ ಬದಲಾಗುವ ಸಾಲಗಳಲ್ಲಿ ದರ ಮರುನಿಗದಿಯಾದಾಗ ಕಂತೋ ಅವಧಿಯೋ ಎಂದು ಆಯ್ದುಕೊಳ್ಳುವ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ, ಆ ಸಮಯ ಸಿಕ್ಕರೆ ಸಲೀಸು. ಎರಡೂ ಸಂಬಳ ಬರುತ್ತಿರುವಾಗಲೇ ಕೇಳಬೇಕು. ಎರಡು ಕಂತು ತಪ್ಪಿದ ಮೇಲೆ ಹೋಗಿ ಕೇಳಿದರೆ ಬ್ಯಾಂಕು ಅದನ್ನು ಕಷ್ಟದಲ್ಲಿರುವವರ ಸಾಲದ ಮರುರಚನೆ ಎಂದು ಪರಿಗಣಿಸಬಹುದು, ಆ ದಾಖಲೆ ಸಿಬಿಲ್‌ನಲ್ಲಿ ವರ್ಷಗಟ್ಟಲೆ ಕೂರುತ್ತದೆ.

ದಾರಿ ಮೂರು: ಓವರ್‌ಡ್ರಾಫ್ಟ್, ಅಂದರೆ ಓಡಿ ಮಾದರಿಯ ಮನೆ ಸಾಲ

ಎಸ್‌ಬಿಐನ ಮ್ಯಾಕ್ಸ್‌ಗೇನ್‌ನಂಥ ಖಾತೆಗಳಲ್ಲಿ ಹೆಚ್ಚುವರಿ ಹಣ ಹಾಕಿಟ್ಟರೆ ಅಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕೆಂದಾಗ ತೆಗೆಯಲೂ ಬಹುದು. ನಾಲ್ಕು ಲಕ್ಷ ಹಾಕಿಟ್ಟರೆ ವರ್ಷಕ್ಕೆ ₹34,000 ಬಡ್ಡಿ ಉಳಿತಾಯ. ಶೇ. 6ರ ಠೇವಣಿ ಕೊಡುವುದು ₹24,000, ಅದಕ್ಕೂ ತೆರಿಗೆಯ ಲೆಕ್ಕ ಬೇರೆ.

ಈಗಾಗಲೇ ಇಂಥ ಖಾತೆ ಇದ್ದವರಿಗೆ ಇದು ಒಳ್ಳೆಯ ಜಾಗ. ಇಲ್ಲದವರು ಇದಕ್ಕಾಗಿಯೇ ಸಾಲ ಬದಲಿಸಬೇಕೇ? ಓಡಿ ಮಾದರಿಯ ಸಾಲಕ್ಕೆ ಬಡ್ಡಿ ಸ್ವಲ್ಪ ಹೆಚ್ಚಿರುವುದು ವಾಡಿಕೆ. ಕಾಲು ಶೇಕಡಾ ಹೆಚ್ಚು ಎಂದರೂ ಉಳಿದ ₹24 ಲಕ್ಷದ ಮೇಲೆ ವರ್ಷಕ್ಕೆ ₹6,000. ಠೇವಣಿಗಿಂತ ಸಿಗುವ ₹10,000 ಲಾಭದಲ್ಲಿ ಉಳಿಯುವುದು ₹4,000, ಬದಲಾಯಿಸುವ ವರ್ಷ ಅದು ಶುಲ್ಕಕ್ಕೇ ಹೋಗುತ್ತದೆ. ಜೊತೆಗೆ ಒಂದು ವಿಷಯ ಮರೆಯಬಾರದು: ಇಲ್ಲಿ ತಿಂಗಳ ಕಂತು ಇಳಿಯುವುದಿಲ್ಲ. ಉಳಿದ ಬಡ್ಡಿ ಖಾತೆಯೊಳಗೆ ಸೇರಿಕೊಳ್ಳುತ್ತದೆ, ಅದನ್ನು ನೀವೇ ತೆಗೆದು ಮನೆಗೆ ಬಳಸಬೇಕು. ತೆಗೆಯುವುದು ಸುಲಭವಾದ್ದರಿಂದ ಅದೇ ಖಾತೆ ವ್ಯವಹಾರದ ಗಲ್ಲಾಪೆಟ್ಟಿಗೆಯೂ ಆಗಿಬಿಡುವ ಅಪಾಯವಿದೆ.

ದಾರಿ ನಾಲ್ಕು: ತಿಂಗಳಿಗೊಂದು ಬಿಡುಗಡೆಯಾಗುವ ಠೇವಣಿಗಳು

ನಮ್ಮ ಆಯ್ಕೆ ಇದು, ಎರಡನೇ ದಾರಿಯ ಜೊತೆ ಸೇರಿಸಿ. ಆರು ಲಕ್ಷವನ್ನು ಒಂದೇ ಠೇವಣಿಯಲ್ಲಿ ಇಡಬೇಡಿ. ₹60,000 ಗಂಡನ ಉಳಿತಾಯ ಖಾತೆಯಲ್ಲಿ, ಮೊದಲ ಎರಡು ತಿಂಗಳಿಗೆ. ₹30,000ದ ಎಂಟು ಠೇವಣಿ, ಮೂರನೇ ತಿಂಗಳಿಂದ ಹತ್ತನೇ ತಿಂಗಳವರೆಗೆ ತಿಂಗಳಿಗೊಂದರಂತೆ ಅವಧಿ ಮುಗಿಯುವ ಹಾಗೆ. ₹1 ಲಕ್ಷ ವ್ಯವಹಾರದ ಖಾತೆಗೆ. ₹2 ಲಕ್ಷ ಒಂದು ವರ್ಷ ಮೀರಿದ ಬೇರೆ ಠೇವಣಿ, ಇದು ಆಸ್ಪತ್ರೆಗೆ, ಗಂಡನ ಕೆಲಸಕ್ಕೇ ಕುತ್ತು ಬಂದರೆ.

ಮನೆಗೆ ಮೀಸಲಾದದ್ದು ₹3 ಲಕ್ಷ, ಬೇಕಾಗಬಹುದು ಎಂದು ಲೆಕ್ಕ ಹಾಕಿದ್ದು ₹2,52,000. ಅವಧಿ ಹಿಗ್ಗಿಸಿ ಕಂತು ಇಳಿದಿದ್ದರೆ ವರ್ಷಕ್ಕೆ ಇನ್ನೂ ₹39,000 ಉಳಿಯುತ್ತದೆ. ಯಾವುದೋ ತಿಂಗಳು ವ್ಯವಹಾರದಿಂದಲೇ ಹಣ ಬಂದು ಠೇವಣಿ ಬೇಕಾಗದಿದ್ದರೆ ಅದನ್ನು ಸಾಲಿನ ಕೊನೆಗೆ, ಹನ್ನೊಂದನೇ ತಿಂಗಳಿಗೆ ಹಾಕಿ. ಠೇವಣಿ ಮಾಡುವಾಗ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ತೆಗೆದು, ಅವಧಿ ಮುಗಿದ ದಿನ ಹಣ ಖಾತೆಗೆ ಬರುವಂತೆ ಸೂಚನೆ ಕೊಡಬೇಕು. ಇಲ್ಲದಿದ್ದರೆ ಕಂತಿನ ದಿನ ಹಣ ಮತ್ತೆ ಠೇವಣಿಯಾಗಿ ಕೂತು, ಕಂತು ವಾಪಸಾಗಿ, ದಂಡ ಬೀಳುತ್ತದೆ. ಕಂತು 5ಕ್ಕೆ ಇದ್ದರೆ ಠೇವಣಿ 1ರೊಳಗೆ ಮುಗಿಯಲಿ.

ಕಿರು ಅವಧಿಗೆ ಬಡ್ಡಿ ಕಡಿಮೆ ಎಂಬ ಆಕ್ಷೇಪ ಸರಿಯೇ. ಆದರೆ ₹2,40,000 ಮೇಲೆ ಶೇ. 1 ಕಡಿಮೆ ಸಿಕ್ಕರೂ ವರ್ಷಕ್ಕೆ ನಷ್ಟ ₹2,400. ತಲೆಕೆಡಿಸಿಕೊಳ್ಳುವ ಮೊತ್ತವಲ್ಲ. ಠೇವಣಿಯ ಬದಲು ಲಿಕ್ವಿಡ್ ಫಂಡ್ ಇಷ್ಟಪಡುವವರಿದ್ದಾರೆ. ಅಲ್ಲಿ ಮಾರಿದ ಹಣ ಸಾಮಾನ್ಯವಾಗಿ ಮುಂದಿನ ಕೆಲಸದ ದಿನ ಬರುತ್ತದೆ, ಅದೂ ಆಗಬಹುದು. ತಾರೀಖು ಕಟ್ಟಿ ಹಣ ಬರುವ ಶಿಸ್ತು ಮಾತ್ರ ಠೇವಣಿಯದ್ದೇ.

| ದಾರಿ | ಕೈಬಿಡುವ ಹಣ | ತಿಂಗಳ ಕಂತಿನ ಇಳಿಕೆ | ಹಣ ಮತ್ತೆ ಸಿಗುತ್ತದೆಯೇ |
|---|---|---|---|
| ಅಸಲಿಗೆ ಕಟ್ಟುವುದು | ₹4,00,000 | ₹3,939 | ಇಲ್ಲ |
| ಅವಧಿ ಹಿಗ್ಗಿಸುವುದು | ಇಲ್ಲ | ₹3,274 | ಕೈಯಿಂದ ಹೋಗಿಯೇ ಇಲ್ಲ |
| ಓಡಿ ಖಾತೆ | ಇಲ್ಲ | ಇಲ್ಲ | ಹೌದು, ಕೂಡಲೇ |
| ಠೇವಣಿ ಸಾಲು | ಇಲ್ಲ | ಇಲ್ಲ | ಹೌದು, ತಿಂಗಳಿಗೊಂದು |

ಇದಕ್ಕೂ ಮೀರಿ ಬೇಕಾದರೆ

ಎರಡು ಲಕ್ಷದ ಠೇವಣಿಯನ್ನು ಒಡೆಯುವ ಮುಂಚೆ ಅದರ ಮೇಲೇ ಓಡಿ ಕೇಳಿ. ಠೇವಣಿಯ ಶೇ. 90ರಷ್ಟು ಸಿಗುತ್ತದೆ, ಬಡ್ಡಿ ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು, ಬಳಸಿದ ದಿನಗಳಿಗೆ ಮಾತ್ರ. ಸಂಬಳದ ಚೀಟಿ ಯಾರೂ ಕೇಳುವುದಿಲ್ಲ. ಗಿರಾಕಿಯ ಬಾಕಿ ಹದಿನೈದು ದಿನ ತಡವಾದಂಥ ಸಂದರ್ಭಕ್ಕೆ ಇದಕ್ಕಿಂತ ಅಗ್ಗದ್ದು ಸಿಗದು.

ಚಿನ್ನದ ಸಾಲ ಅದರ ನಂತರ. ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ, ಖಾಸಗಿ ಫೈನಾನ್ಸ್‌ಗಳಲ್ಲಿ ಬಹಳ ಹೆಚ್ಚಿರಬಹುದು, ಸಂಜೆಯೊಳಗೆ ಹಣ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗಬೇಡಿ. ವರ್ಷದ ಕೊನೆಗೆ ಅಸಲು-ಬಡ್ಡಿ ಒಟ್ಟಿಗೆ ಕಟ್ಟುವ ಯೋಜನೆ ಆರಿಸಿಕೊಂಡರೆ ನಡುವೆ ಏನೂ ಕಾಣಿಸದೆ ಬಡ್ಡಿ ಬೆಳೆಯುತ್ತಿರುತ್ತದೆ. ಮನೆಖರ್ಚಿಗೆ ಚಿನ್ನ ಇಡಬಾರದು, ಬರುವುದು ಖಚಿತವಾದ ಬಾಕಿಗೆ ಎದುರಾಗಿ ಮಾತ್ರ ಇಡಬಹುದು. ಕ್ರೆಡಿಟ್ ಕಾರ್ಡಿನ ಬಾಕಿ ಮುಂದಕ್ಕೆ ಹಾಕುವುದನ್ನು ನಾವು ಹೋಲಿಕೆಗೇ ತೆಗೆದುಕೊಂಡಿಲ್ಲ.

ಇನ್ನು ಪಿಎಫ್. ಕೆಲಸ ಬಿಟ್ಟವರ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಐದು ವರ್ಷದ ನಿರಂತರ ಸೇವೆ ಆಗುವ ಮುನ್ನ ತೆಗೆದರೆ ತೆರಿಗೆ ಬೀಳುತ್ತದೆ. ಪಿಎಫ್ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಕೈಗೊಂಡ ತೀರ್ಮಾನದ ಪ್ರಕಾರ ಕೆಲಸ ಹೋದ ಕೂಡಲೇ ಶೇ. 75 ತೆಗೆಯಬಹುದು, ಉಳಿದದ್ದಕ್ಕೆ ಹನ್ನೆರಡು ತಿಂಗಳು ಕಾಯಬೇಕು. ಹಾಗಾಗಿ ಪೂರ್ತಿ ಮೊತ್ತವನ್ನು ಮೊದಲ ವರ್ಷದ ಲೆಕ್ಕಕ್ಕೆ ಹಿಡಿಯಲೇಬೇಡಿ. ನಮ್ಮ ಸಲಹೆ, ಅದನ್ನು ಮುಟ್ಟದಿರುವುದು. ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ ಎಂಬುದು ನೆನಪಿರಲಿ. ತೆಗೆಯದಿದ್ದರೂ ಕೆಲಸ ಬಿಟ್ಟ ದಿನಾಂಕ ಪೋರ್ಟಲ್‌ನಲ್ಲಿ ದಾಖಲಾಗಿದೆಯೇ ನೋಡಿ. ಕಂಪನಿ ಹಾಕದಿದ್ದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಸದಸ್ಯರೇ ಹಾಕಬಹುದು. ಆ ದಿನಾಂಕವಿಲ್ಲದೆ ಕ್ಲೇಮ್ ಅರ್ಜಿ ಮುಂದೆ ಹೋಗುವುದಿಲ್ಲ.

ರಾಜೀನಾಮೆ ಕೊಡುವ ಮೊದಲು

ದಿನಾಂಕಕ್ಕೇ ಬೆಲೆ ಇದೆ. ಗ್ರಾಚ್ಯುಟಿ ಐದು ವರ್ಷ ತುಂಬಿದವರಿಗೆ. ಮೂಲ ವೇತನ ₹26,000 ಇದ್ದರೆ ಹದಿನೈದು ದಿನದ ವೇತನ, 26ರಿಂದ ಭಾಗಿಸಿ, ವರ್ಷಕ್ಕೆ ₹15,000. ಆರು ವರ್ಷಕ್ಕೆ ₹90,000, ಈ ಮನೆಯ ಮೂರು ತಿಂಗಳ ಕೊರತೆಗಿಂತ ಹೆಚ್ಚು. ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಎಣಿಸುತ್ತಾರೆ, ಹಾಗಾಗಿ ಐದು ತಿಂಗಳಾಗಿದ್ದರೆ ಇನ್ನೊಂದು ಚೂರು ಕಾಯುವುದು ಜಾಣತನ. ಆದರೆ ಆ ಹಣ, ಕೊನೆಯ ತಿಂಗಳ ಸಂಬಳ, ರಜೆಯ ಹಣ ಎಲ್ಲ ಕೈಸೇರಲು ಒಂದೂವರೆ ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಅದಕ್ಕೇ ಆರು ಲಕ್ಷದ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ, ಬಂದಾಗ ಠೇವಣಿ ಸಾಲಿನ ಕೊನೆಗೆ ಹಾಕಿ.

ಶಾಲೆಯ ಶುಲ್ಕ ಜೂನ್ ಮತ್ತು ನವೆಂಬರ್‌ನಲ್ಲಿ ತಲಾ ₹60,000 ಎಂದಾದರೆ ಮೇ ತಿಂಗಳಲ್ಲಿ ಕೆಲಸ ಬಿಡುವವರು ಮೊದಲ ತಿಂಗಳಲ್ಲೇ ಎರಡು ತಿಂಗಳ ಹಣ ಕಳೆದುಕೊಳ್ಳುತ್ತಾರೆ. ಜುಲೈ ಕೊನೆಗೆ ಬಿಟ್ಟರೆ ಜೂನ್ ಕಂತು ಸಂಬಳದಿಂದಲೇ ಹೋಗಿರುತ್ತದೆ. ಆಗಸ್ಟ್‌ನಿಂದ ತಿಂಗಳಿಗೆ ₹15,000 ಬೇರೆ ಖಾತೆಗೆ ಹಾಕುತ್ತ ಬಂದರೆ ನವೆಂಬರ್‌ಗೆ ₹60,000 ಸಿದ್ಧವಾಗುತ್ತದೆ. ಆ ವರ್ಷ ದಸರಾ-ದೀಪಾವಳಿಯ ಖರ್ಚು ಕೈ ಬಿಗಿ ಹಿಡಿದೇ ಆಗಬೇಕು.

ಆರೋಗ್ಯ ವಿಮೆಯಲ್ಲಿ ಮೂರು ಆಯ್ಕೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ ಈವರೆಗೆ ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಇದ್ದವರಿಗೆ ಇದೇ ಸೂಕ್ತ. ಹೊಸ ಪಾಲಿಸಿ ತೆಗೆದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆಯದಕ್ಕೆ ಪರಿಹಾರವಿಲ್ಲ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಆರೋಗ್ಯವಂತರಾದರೆ ಪರವಾಗಿಲ್ಲ, ಆದರೆ ಕೆಲಸ ಬಿಡುವ ಎರಡು ತಿಂಗಳ ಮೊದಲೇ ತೆಗೆಯಿರಿ. ಗಂಡನ ಕಾಲೇಜಿನಲ್ಲಿ ಗುಂಪು ವಿಮೆ ಇದ್ದರೆ ಹೆಂಡತಿಯನ್ನು ವರ್ಷದ ನಡುವೆ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಬೇಕು, ಬಹಳ ಕಡೆ ನವೀಕರಣದವರೆಗೆ ಕಾಯಬೇಕಾಗುತ್ತದೆ. ಜೀವವಿಮೆಯ ಟರ್ಮ್ ಪಾಲಿಸಿ ಇಲ್ಲದಿದ್ದರೆ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಅರ್ಜಿ ಹಾಕಿ, ಎಷ್ಟು ಮೊತ್ತದ ವಿಮೆ ಕೊಡಬೇಕೆಂದು ಅವರು ಆದಾಯ ನೋಡಿಯೇ ನಿರ್ಧರಿಸುತ್ತಾರೆ.

ಚಿಕ್ಕದೊಂದು ಮಾತು. ಮನೆಯಿಂದಲೇ ಕೆಲಸ ಶುರುವಾದರೆ ಕರೆಂಟಿನ ಬಳಕೆ ಏರುತ್ತದೆ. ಗೃಹಜ್ಯೋತಿಯಲ್ಲಿರುವ ಮನೆ ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು.

ಗಿರಾಕಿಯ ಮುಂಗಡವೇ ದೊಡ್ಡ ಮೋಸ

ಈ ಬಗೆಯ ಕೆಲಸದಲ್ಲಿ ಮನೆಗಳು ಹೆಚ್ಚಾಗಿ ಮುಗ್ಗರಿಸುವುದು ಹಣ ಬಾರದಿದ್ದಾಗ ಅಲ್ಲ, ಬಂದಾಗ. ಅಡುಗೆಮನೆ ಮತ್ತು ವಾರ್ಡ್‌ರೋಬ್ ಕೆಲಸ ₹4,20,000ಕ್ಕೆ ಒಪ್ಪಂದವಾಗಿ, ಅರ್ಧ ಮುಂಗಡ ₹2,10,000 ಖಾತೆಗೆ ಬಿತ್ತು ಎನ್ನಿ. ಅದರಲ್ಲಿ ವಿನ್ಯಾಸ ಮತ್ತು ಮೇಲ್ವಿಚಾರಣೆಯ ಗಳಿಕೆ ಇಡೀ ಕೆಲಸಕ್ಕೆ ₹60,000. ನಕ್ಷೆ ಒಪ್ಪಿಗೆಯಾದ ಹಂತಕ್ಕೆ ದಕ್ಕಿದ್ದು ₹20,000. ಉಳಿದದ್ದು ಪ್ಲೈವುಡ್, ಲ್ಯಾಮಿನೇಟ್, ಬಾಗಿಲ ಕೀಲುಗಳು, ಬಡಗಿಯ ಕೂಲಿ. ಅದು ಗಿರಾಕಿಯ ಹಣ, ನಿಮ್ಮ ಖಾತೆಯಲ್ಲಿ ತಂಗಿದೆ ಅಷ್ಟೆ.

ಅದೇ ವಾರ ಶಾಲೆಯ ಶುಲ್ಕ ಬರುತ್ತದೆ. ಖಾತೆಯಲ್ಲಿ ಎರಡು ಲಕ್ಷ ಕಾಣುತ್ತಿದೆ, ಕಟ್ಟಿಬಿಡುತ್ತಾರೆ. ಆರು ವಾರದ ನಂತರ ಬಡಗಿ ಕೂಲಿ ಕೇಳಿದಾಗ ಖಾತೆ ಖಾಲಿ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿಯ ಮುಂಗಡ ಬಂದಿರುತ್ತದೆ, ಅದರಿಂದ ಈ ಕೆಲಸ ಮುಗಿಸುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಹೊಸ ಕೆಲಸವೂ ಹಳೆಯದರ ತೂತು ಮುಚ್ಚಲು ಬೇಕಾಗುತ್ತದೆ. ಕೆಲಸಗಳು ಬರುತ್ತಿರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮದುವೆ, ಗೃಹಪ್ರವೇಶಗಳು ನಿಲ್ಲುವ ಆಷಾಢದಂಥ ತಿಂಗಳಲ್ಲಿ ಹೊಸ ಕೆಲಸ ಬರದಿದ್ದರೆ ಎಲ್ಲ ಒಟ್ಟಿಗೆ ಬಯಲಾಗುತ್ತದೆ.

ಪತ್ತೆ ಹಚ್ಚಲು ವಾರಕ್ಕೊಮ್ಮೆ ಒಂದು ಲೆಕ್ಕ ಸಾಕು. ಬಂದ ಮುಂಗಡ ₹2,10,000. ಅದರಲ್ಲಿ ಸಾಮಾನಿಗೆ ಕೊಟ್ಟದ್ದು ₹80,000, ಕೂಲಿಗೆ ₹25,000, ನೀವು ದುಡಿದು ಮುಗಿಸಿದ ಶುಲ್ಕ ₹20,000. ಉಳಿದ ₹85,000 ಖಾತೆಯಲ್ಲಿ ಇರಲೇಬೇಕು. ಇರುವುದು ₹30,000 ಎಂದರೆ ₹55,000 ಮನೆ ತಿಂದಿದೆ ಎಂದರ್ಥ. ಆ ದಿನವೇ ಠೇವಣಿ ಸಾಲಿನಿಂದ ತುಂಬಿ, ಮುಂದಿನ ಮುಂಗಡಕ್ಕೆ ಕಾಯಬೇಡಿ.

ಇದಕ್ಕಿಂತ ಒಳ್ಳೆಯದು ಸಾಮಾನು ಮತ್ತು ಕೂಲಿಯನ್ನು ಗಿರಾಕಿಯೇ ನೇರವಾಗಿ ಅಂಗಡಿಗೆ, ಬಡಗಿಗೆ ಕೊಡುವ ಏರ್ಪಾಡು. ನಿಮ್ಮ ಖಾತೆಗೆ ಶುಲ್ಕ ಮಾತ್ರ ಬರುತ್ತದೆ. ಸಾಮಾನಿನ ಮೇಲೆ ಸಿಗಬಹುದಾಗಿದ್ದ ಲಾಭ ಹೋಗುತ್ತದೆ, ನಿಜ. ಪ್ರತಿಯಾಗಿ ಸೇವೆಗಳಿಗೆ ಇರುವ ₹20 ಲಕ್ಷದ ಜಿಎಸ್‌ಟಿ ಮಿತಿಯನ್ನು ಬೇಗ ಮುಟ್ಟುವುದಿಲ್ಲ. ಪೂರ್ತಿ ಗುತ್ತಿಗೆ ಹಿಡಿದರೆ ₹4,20,000ದ ಐದು ಕೆಲಸಕ್ಕೇ ಆ ಮಿತಿ ದಾಟುತ್ತದೆ. ಮೊದಲ ವರ್ಷಕ್ಕೆ ಶುಲ್ಕದ ದಾರಿಯೇ ಸುರಕ್ಷಿತ.

ಬಿಲ್ಡರ್ ಅಥವಾ ಆರ್ಕಿಟೆಕ್ಟ್ ಕಚೇರಿಗಳಿಗೆ ಕೆಲಸ ಮಾಡಿದರೆ ಇನ್ನೆರಡು ವಿಷಯ. ವರ್ಷಕ್ಕೆ ₹50,000 ಮೀರಿದ ವೃತ್ತಿ ಶುಲ್ಕದಿಂದ ಅವರು ಶೇ. 10 ಟಿಡಿಎಸ್ ಹಿಡಿಯುತ್ತಾರೆ, ನಿಮಗೆ ತೆರಿಗೆಯೇ ಬೀಳದಿದ್ದರೂ ಆ ಹಣ ಮುಂದಿನ ವರ್ಷ ರಿಟರ್ನ್ ಹಾಕಿ ವಾಪಸು ಬರುವವರೆಗೆ ಸಿಗದು. ಮನೆಯ ಲೆಕ್ಕದಲ್ಲಿ ಬಿಲ್ಲಿನ ಶೇ. 90ನ್ನೇ ಹಿಡಿಯಿರಿ. ಉದ್ಯಮ್ ನೋಂದಣಿ ಉಚಿತ, ಮಾಡಿಸಿ ಬಿಲ್ಲಿನ ಮೇಲೆ ಸಂಖ್ಯೆ ಹಾಕಿ. ಒಪ್ಪಂದವಿದ್ದರೂ 45 ದಿನ ಮೀರಿ ಬಾಕಿ ಉಳಿಸಿಕೊಳ್ಳುವಂತಿಲ್ಲ ಎಂಬ ಕಾನೂನನ್ನು ನೆನಪಿಸಲು ಅದು ಬೇಕು.

ಮನೆಗೆ ಎಷ್ಟು, ಯಾವಾಗ ನಿಲ್ಲಿಸುವುದು

ವ್ಯವಹಾರದ ಖಾತೆಯಿಂದ ಮನೆಗೆ ಬೇಕಾದಾಗಲೆಲ್ಲ ತೆಗೆಯುವುದು ಒಂದು ರೀತಿ, ತಿಂಗಳಿಗೆ ಒಂದೇ ದಿನ ಒಂದೇ ಮೊತ್ತ ಕಳಿಸುವುದು ಇನ್ನೊಂದು. ಎರಡನೆಯದನ್ನೇ ಹಿಡಿಯಿರಿ. ಮೊತ್ತ ನಿರ್ಧರಿಸಲು ಹಿಂದಿನ ಮೂರು ತಿಂಗಳ ನಿಜವಾದ ಶುಲ್ಕದಲ್ಲಿ ಅತಿ ಕಡಿಮೆಯದನ್ನು ತೆಗೆದುಕೊಳ್ಳಿ, ಸರಾಸರಿಯನ್ನಲ್ಲ. ₹40,000, ₹12,000, ₹31,000 ಬಂದಿದ್ದರೆ ಮನೆಗೆ ₹12,000. ಉಳಿದದ್ದು ವ್ಯವಹಾರದ ಖಾತೆಯಲ್ಲೇ ಇದ್ದು ಮುಂದಿನ ಬಡ ತಿಂಗಳನ್ನು ದಾಟಿಸುತ್ತದೆ.

ನಿಲ್ಲಿಸುವ ಗೆರೆಯನ್ನೂ ಮೊದಲೇ ಗಂಡ-ಹೆಂಡತಿ ಕೂತು ಬರೆದಿಟ್ಟುಕೊಳ್ಳಬೇಕು. ಮತ್ತೆ ಕೆಲಸ ಹುಡುಕಿ ಮೊದಲ ಸಂಬಳ ಕೈಗೆ ಬರಲು ಐದು ತಿಂಗಳು ಬೇಕು ಎಂದು ಹಿಡಿದರೆ, ₹28,000ರಂತೆ ₹1,40,000. ಮನೆಯ ಮೂರು ಲಕ್ಷ ಅಲ್ಲಿಗೆ ಇಳಿದಾಗ ಹುಡುಕಾಟ ಶುರುವಾಗಬೇಕು, ಖಾಲಿಯಾದ ಮೇಲಲ್ಲ. ವ್ಯವಹಾರದಿಂದ ಏನೂ ಬಾರದಿದ್ದರೆ ಆ ದಿನ ಆರನೇ ತಿಂಗಳ ಕೊನೆಗೆ ಬರುತ್ತದೆ. ಆರನೇ ತಿಂಗಳಲ್ಲಿ ನೋಡಬೇಕಾದ್ದು ಒಪ್ಪಿದ ಕೆಲಸಗಳ ಪಟ್ಟಿಯನ್ನಲ್ಲ, ಗಂಡನ ಖಾತೆಯ ಪಾಸ್‌ಬುಕ್ಕನ್ನು: ವ್ಯವಹಾರದ ಖಾತೆಯಿಂದ ಅಲ್ಲಿಗೆ ಯಾವ ತಾರೀಖು ಎಷ್ಟು ಬಂದಿದೆ ಎಂಬುದನ್ನು.

ಅರೆಕಾಲಿಕ ಕೆಲಸ ಹಿಡಿದು ಕೊರತೆಯನ್ನು ₹28,000ದಿಂದ ₹10,000ಕ್ಕೆ ಇಳಿಸಿದರೂ ಸಾಕು, ಉಳಿದ ₹1,40,000 ಐದು ತಿಂಗಳ ಬದಲು ಹದಿನಾಲ್ಕು ತಿಂಗಳು ಬರುತ್ತದೆ. ಪೂರ್ತಿ ವಾಪಸು ಹೋಗುವ ಮುನ್ನ ಹಳೆಯ ಕಂಪನಿಗೇ ವಾರಕ್ಕೆ ಎರಡು ದಿನದ ನಕ್ಷೆ ಕೆಲಸ ಮಾಡಿಕೊಡುವ ಮಾತು ಕೇಳಿ ನೋಡಬಹುದು. ಆ ಬಾಗಿಲು ತೆರೆದಿರಬೇಕಾದರೆ ನೋಟಿಸ್ ಅವಧಿಯನ್ನು ಪೂರ್ತಿ ಮುಗಿಸಿ, ಕೈಯಲ್ಲಿದ್ದ ಕೆಲಸಗಳನ್ನು ಲಿಖಿತವಾಗಿ ಒಪ್ಪಿಸಿ ಹೊರಬಂದಿರಬೇಕು.